ಅಂದಾಜು ಪಟ್ಟಿ ಕೇಳುವ ಪತ್ರ: ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾವುದು ಎಷ್ಟು ಸಲ

ಬಿಲ್ಲಿಂಗ್ ಕೌಂಟರಿಗೆ ಹೋಗಿ "ಮಂಡಿ ಬದಲಿಸುವ ಆಪರೇಷನ್‌ಗೆ ಎಷ್ಟಾಗುತ್ತೆ?" ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. ಅದನ್ನು ಹಿಡಿದು ಮನೆಯವರು ಹಣ ಹೊಂದಿಸುತ್ತಾರೆ. ಡಿಸ್ಚಾರ್ಜ್ ದಿನ ಬಿಲ್ಲು ಬೇರೆಯೇ ಅಂಕಿ ಹೇಳಿದಾಗ, ಎಲ್ಲಿ ಹೆಚ್ಚಾಯಿತು ಎಂದು ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಒಂದೇ ಅಂಕಿಯನ್ನು ಹತ್ತು ಪುಟದ ಬಿಲ್ಲಿನ ಜೊತೆ ಹೋಲಿಸಿ ನೋಡುವುದಾದರೂ ಹೇಗೆ?

ಹಾಗಾಗಿ ಬಾಬತ್ತುವಾರು ಅಂದಾಜನ್ನು ಬರವಣಿಗೆಯಲ್ಲೇ ಕೇಳಬೇಕು. ಆದರೆ "ದಯವಿಟ್ಟು ವಿವರವಾದ ಎಸ್ಟಿಮೇಟ್ ಕೊಡಿ" ಎಂದು ಒಂದು ಸಾಲು ಬರೆದರೆ ಬರುವುದು ಅದೇ ಒಟ್ಟು ಅಂಕಿ, ಈ ಸಲ ಲೆಟರ್‌ಹೆಡ್ ಮೇಲೆ. ಇದರಲ್ಲಿ ಬಿಲ್ಲಿಂಗ್ ಸಿಬ್ಬಂದಿಯ ಕಳ್ಳಾಟ ಹುಡುಕಬೇಕಾಗಿಲ್ಲ. ಅವರ ಮುಂದಿರುವುದು ದರಪಟ್ಟಿ ಮಾತ್ರ. ಯಾವ ಮಂಡಿ, ಯಾವ ಇಂಪ್ಲಾಂಟ್, ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ರಾತ್ರಿ ಇರಬೇಕು ಎಂಬುದೆಲ್ಲ ಇರುವುದು ಶಸ್ತ್ರವೈದ್ಯರ ತಲೆಯಲ್ಲಿ ಮತ್ತು ಹೊರರೋಗಿ ಚೀಟಿಯಲ್ಲಿ. ದರ ಒಂದು ಕಡೆ, ಎಣಿಕೆ ಇನ್ನೊಂದು ಕಡೆ. ಇವೆರಡನ್ನೂ ಒಂದೇ ಕಾಗದಕ್ಕೆ ತರುವುದು ಪತ್ರದ ಕೆಲಸ.

ಒಂದು ಮಂಡಿಯ ಪೂರ್ಣ ಬದಲಿ ಶಸ್ತ್ರಚಿಕಿತ್ಸೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೊದಲೇ ದಿನ ಗೊತ್ತುಮಾಡಿ ದಾಖಲಾಗುವ ಶಸ್ತ್ರಚಿಕಿತ್ಸೆ ಇದು, ಹಾದಿಯೂ ಬಹುಮಟ್ಟಿಗೆ ನಿಶ್ಚಿತ. ಬಿಲ್ಲು ಉಬ್ಬುವ ಜಾಗಗಳೆಲ್ಲ ಇದರಲ್ಲಿ ಸಿಗುತ್ತವೆ.

ಪತ್ರಕ್ಕೆ ಮುಂಚೆ ವೈದ್ಯರಿಂದ ಒಂದು ಚೀಟಿ

ಪತ್ರ ಬರೆಯುವ ಮೊದಲು ಶಸ್ತ್ರವೈದ್ಯರಿಂದ ದಾಖಲಾತಿ ಸಲಹೆಯ ಚೀಟಿ ಪಡೆಯಬೇಕು. ಅದರಲ್ಲಿ ಶಸ್ತ್ರಚಿಕಿತ್ಸೆಯ ಪೂರ್ಣ ಹೆಸರು, ಎಡವೋ ಬಲವೋ, ಅರಿವಳಿಕೆಯ ಬಗೆ, ಎಷ್ಟು ರಾತ್ರಿ ಇರಬೇಕಾಗಬಹುದು, ಯಾವ ಇಂಪ್ಲಾಂಟ್ ಬಳಸುವ ಯೋಚನೆಯಿದೆ, ರಕ್ತ ಕಾದಿರಿಸಬೇಕೇ, ಶಸ್ತ್ರಚಿಕಿತ್ಸೆಯ ನಂತರ ತೀವ್ರ ನಿಗಾ ಘಟಕ ಬೇಕಾಗುವ ಸಂಭವ ಇದೆಯೇ ಎಂಬುದಿರಲಿ. ವೈದ್ಯರಿಗೆ ಇದು ಎರಡು ನಿಮಿಷದ ಕೆಲಸ. ಈ ಚೀಟಿಯಿಲ್ಲದೆ ಹೋದ ಪತ್ರಕ್ಕೆ ಸಾಮಾನ್ಯವಾಗಿ ಬರುವ ಉತ್ತರ "ಡಾಕ್ಟರನ್ನು ಕೇಳಿ". ಡಾಕ್ಟರನ್ನು ಕೇಳಿದರೆ "ಬಿಲ್ಲಿಂಗ್‌ನಲ್ಲಿ ಕೇಳಿ".

ವಿಮೆಯಿದ್ದರೆ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ಮಿತಿಯಿದೆಯೇ ಎಂದು ಇದೇ ಹೊತ್ತಿಗೆ ನೋಡಿಕೊಳ್ಳಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ದಾಖಲಾಗುವ ದಿನಕ್ಕೆ ಏಳರಿಂದ ಹತ್ತು ದಿನ ಮೊದಲು ಪತ್ರ ತಲುಪಿದರೆ ಸರಿಹೋಗುತ್ತದೆ. ಹಿಂದಿನ ದಿನ ಕೊಟ್ಟರೆ ಉತ್ತರ ಬರುವ ಹೊತ್ತಿಗೆ ಮುಂಗಡ ಕಟ್ಟಿ ಆಗಿರುತ್ತದೆ. ಎರಡು ತಿಂಗಳು ಮೊದಲೇ ಕೊಟ್ಟರೆ ದರ ಬದಲಾಗಬಹುದು. ಇಮೇಲ್‌ನಲ್ಲಿ ಕಳಿಸಿದ್ದರೂ ಒಂದು ಪ್ರತಿಯನ್ನು ಕೈಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಪತ್ರ

ಇವರಿಗೆ,
ವ್ಯವಸ್ಥಾಪಕರು, ಬಿಲ್ಲಿಂಗ್ ವಿಭಾಗ,
(ಆಸ್ಪತ್ರೆಯ ಹೆಸರು)

ವಿಷಯ: ಬಲ ಮಂಡಿಯ ಪೂರ್ಣ ಬದಲಿ ಶಸ್ತ್ರಚಿಕಿತ್ಸೆಗೆ ದಾಖಲಾಗುವ ಮುನ್ನ ಬಾಬತ್ತುವಾರು ಅಂದಾಜು ವೆಚ್ಚಪಟ್ಟಿ ಕೋರಿ.

ಮಾನ್ಯರೇ,

ನಮ್ಮ ತಾಯಿ (ಹೆಸರು, ವಯಸ್ಸು 66, ಆಸ್ಪತ್ರೆಯ ನೋಂದಣಿ ಸಂಖ್ಯೆ) ಅವರು ಮೂಳೆ ವಿಭಾಗದ (ವೈದ್ಯರ ಹೆಸರು) ಅವರ ಸಲಹೆಯಂತೆ (ದಿನಾಂಕ) ಸೋಮವಾರ ಸಂಜೆ ದಾಖಲಾಗುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಮಂಗಳವಾರ ಬೆಳಿಗ್ಗೆ, ಡಿಸ್ಚಾರ್ಜ್ ಶುಕ್ರವಾರ ಬೆಳಿಗ್ಗೆ ಎಂದು ವೈದ್ಯರು ತಿಳಿಸಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದೆ. ಇಬ್ಬರು ಇರುವ ಹಂಚಿಕೆ ಕೊಠಡಿಯನ್ನು ಬಯಸಿದ್ದೇವೆ. ವೈದ್ಯರ ಸಲಹಾ ಚೀಟಿಯ ಪ್ರತಿ ಲಗತ್ತಿಸಿದೆ.

ದಯವಿಟ್ಟು ಈ ಕೆಳಗಿನ ವಿವರಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

1. ಪ್ರತಿಯೊಂದು ಬಾಬತ್ತಿಗೂ ದರ, ಎಣಿಕೆ ಮತ್ತು ಮೊತ್ತ. ನಿಮ್ಮ ಅನುಕೂಲಕ್ಕೆ ಖಾಲಿ ಪಟ್ಟಿಯೊಂದನ್ನು ಲಗತ್ತಿಸಿದ್ದೇವೆ.

2. ಇದು ಪ್ಯಾಕೇಜ್ ಆಗಿದ್ದರೆ ಅದರಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ, ಎಷ್ಟು ದಿನಕ್ಕೆ ಅನ್ವಯ, ಆ ದಿನಗಳು ಮುಗಿದ ಮೇಲೆ ದಿನಕ್ಕೆ ಎಷ್ಟು.

3. ಹಾಸಿಗೆ ದಿನವನ್ನು ಎಣಿಸುವ ಕ್ರಮ: ಮಧ್ಯರಾತ್ರಿಯಿಂದಲೋ, ನಿಗದಿತ ಗಂಟೆಯಿಂದಲೋ, ದಾಖಲಾದ ಗಂಟೆಯಿಂದಲೋ.

4. ಇಂಪ್ಲಾಂಟಿನ ತಯಾರಕರು, ಮಾದರಿ, ಭಾಗಗಳು ಮತ್ತು ಪ್ರತಿ ಭಾಗದ ದರ. ಮೂಳೆ ಸಿಮೆಂಟ್ ಎಷ್ಟು ಪೊಟ್ಟಣ.

5. ಕೊಠಡಿಯ ದರ್ಜೆ ಬದಲಾದರೆ ಯಾವ ಯಾವ ಶುಲ್ಕಗಳು ಬದಲಾಗುತ್ತವೆ.

6. "ವಾಸ್ತವ ಬಳಕೆಯಂತೆ" ಎಂದು ಬರೆಯುವ ಬಾಬತ್ತುಗಳಿಗೆ, ಇಂಥದೇ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರುವ ಕನಿಷ್ಠ ಮತ್ತು ಗರಿಷ್ಠ ಮೊತ್ತ.

7. ತೀವ್ರ ನಿಗಾ ಘಟಕದಲ್ಲಿ ಒಂದು ರಾತ್ರಿ ಇರಬೇಕಾಗಿ ಬಂದರೆ ಅದರ ವೆಚ್ಚ, ಒಟ್ಟಿಗೆ ಸೇರಿಸದೆ ಬೇರೆ ಸಾಲಿನಲ್ಲಿ.

8. ಕಟ್ಟಬೇಕಾದ ಮುಂಗಡ, ಹಾಗೂ ಉಳಿದ ಹಣ ಮರಳಿಸುವ ಕ್ರಮ.

ಒಟ್ಟು ವೆಚ್ಚ ನಿಮ್ಮ ಅಂದಾಜಿಗಿಂತ ಶೇಕಡಾ 10ಕ್ಕೂ ಹೆಚ್ಚು ಮೀರುವಂತೆ ಕಂಡಾಗ ಕೆಳಗಿನ ದೂರವಾಣಿ ಸಂಖ್ಯೆಗೆ ತಿಳಿಸಬೇಕೆಂದು ಕೋರುತ್ತೇವೆ. ತುರ್ತು ಸಂದರ್ಭದಲ್ಲಿ ಚಿಕಿತ್ಸೆಗಾಗಿ ನಮ್ಮ ಉತ್ತರಕ್ಕೆ ಕಾಯಬೇಕಾಗಿಲ್ಲ. ಆಗ ಸಾಧ್ಯವಾದಷ್ಟು ಬೇಗ ತಿಳಿಸಿದರೆ ಸಾಕು.

ಇದು ಅಂದಾಜು ಮಾತ್ರ, ಅಂತಿಮ ಬಿಲ್ಲಲ್ಲ ಎಂಬುದು ನಮಗೆ ತಿಳಿದಿದೆ. (ದಿನಾಂಕ)ದೊಳಗೆ ಉತ್ತರ ದೊರೆತರೆ ಹಣದ ವ್ಯವಸ್ಥೆ ಮಾಡಿಕೊಳ್ಳಲು ಅನುಕೂಲ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ, ಹೆಸರು, ರೋಗಿಯೊಂದಿಗಿನ ಸಂಬಂಧ, ದೂರವಾಣಿ)

ಲಗತ್ತು: ವೈದ್ಯರ ಸಲಹಾ ಚೀಟಿ, ಖಾಲಿ ಅಂದಾಜು ಪಟ್ಟಿ, ರೋಗಿಯ ಒಪ್ಪಿಗೆ ಸಹಿ.

ಕೊನೆಯ ಲಗತ್ತನ್ನು ಮರೆಯುವವರು ಬಹಳ. ರೋಗಿಯ ವಿವರವನ್ನು ಇನ್ನೊಬ್ಬರಿಗೆ ಕೊಡಲು ಅನೇಕ ಆಸ್ಪತ್ರೆಗಳು ರೋಗಿಯ ಸಹಿ ಕೇಳುತ್ತವೆ. "ನನ್ನ ಚಿಕಿತ್ಸೆಯ ವೆಚ್ಚದ ವಿವರವನ್ನು ನನ್ನ ಮಗನಿಗೆ ನೀಡಲು ಒಪ್ಪಿದ್ದೇನೆ" ಎಂಬ ಒಂದು ಸಾಲಿನ ಕೆಳಗೆ ತಾಯಿಯ ಸಹಿಯಿದ್ದರೆ ಆ ತಕರಾರು ಮುಗಿಯಿತು. ಪತ್ರದಲ್ಲಿ ಬೆದರಿಕೆಯ ಮಾತು ಬೇಡ. ಕೋರ್ಟು, ದೂರು ಎಂಬ ಪದ ಕಂಡ ಕೂಡಲೇ ಕಾಗದ ಬಿಲ್ಲಿಂಗ್ ಮೇಜಿನಿಂದ ಎದ್ದು ಮೇಲಧಿಕಾರಿಯ ಕಡತ ಸೇರುವ ಸಂಭವವೇ ಹೆಚ್ಚು, ಅಂದಾಜು ಮಾತ್ರ ಬರುವುದಿಲ್ಲ.

ಹಾಸಿಗೆ ದಿನ: ನಾಲ್ಕೋ ಐದೋ

ಮೂರನೇ ಪ್ರಶ್ನೆ ಚಿಲ್ಲರೆಯದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಸೋಮವಾರ ಸಂಜೆ 6ಕ್ಕೆ ದಾಖಲು, ಶುಕ್ರವಾರ ಬೆಳಿಗ್ಗೆ 11ಕ್ಕೆ ಡಿಸ್ಚಾರ್ಜ್. ಒಟ್ಟು 89 ಗಂಟೆ.

ಮಧ್ಯರಾತ್ರಿ ಎಣಿಸುವ ಕಡೆ ನಾಲ್ಕು ರಾತ್ರಿ, ನಾಲ್ಕು ದಿನ. ದಾಖಲಾದ ಗಂಟೆಯಿಂದ 24 ಗಂಟೆಗೊಂದು ದಿನ ಎಣಿಸಿದರೂ ನಾಲ್ಕೇ. ಮಧ್ಯಾಹ್ನ 12ಕ್ಕೆ ದಿನ ಬದಲಾಗುವ ಪದ್ಧತಿಯಲ್ಲೂ ನಾಲ್ಕು. ಕ್ಯಾಲೆಂಡರ್ ದಿನ ಎಣಿಸುವ ಕಡೆ ಮಾತ್ರ ಸೋಮವಾರದಿಂದ ಶುಕ್ರವಾರದವರೆಗೆ ಐದು. ಈಗ ಡಿಸ್ಚಾರ್ಜ್ ತಡವಾಯಿತು ಅನ್ನಿ. ವೈದ್ಯರು 11ಕ್ಕೇ ಸಹಿ ಮಾಡಿದರು, ಔಷಧದ ಲೆಕ್ಕ ಮುಗಿಯಲಿಲ್ಲ, ವಿಮೆಯ ಒಪ್ಪಿಗೆ ಬರಲಿಲ್ಲ, ಹೊರಟಾಗ 3 ಗಂಟೆ. ಮಧ್ಯಾಹ್ನದ ಪದ್ಧತಿಯಲ್ಲಿ ಆಗಲೇ ಐದನೇ ದಿನ ಬಿದ್ದಿತು. 24 ಗಂಟೆಯ ಪದ್ಧತಿಯಲ್ಲಿ ಸಂಜೆ 6 ದಾಟುವವರೆಗೂ ನಾಲ್ಕೇ.

ಬಾಡಿಗೆಯೊಂದೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಶುಶ್ರೂಷಾ ಶುಲ್ಕ, ಕರ್ತವ್ಯ ವೈದ್ಯರ ಶುಲ್ಕ, ಆಹಾರ ತಜ್ಞರ ಶುಲ್ಕಗಳನ್ನು ಎಷ್ಟೋ ಕಡೆ ಹಾಸಿಗೆ ದಿನಕ್ಕೇ ಗಂಟು ಹಾಕಿರುತ್ತಾರೆ. ಒಂದು ದಿನ ಹೆಚ್ಚಾದರೆ ಈ ಸಾಲುಗಳೆಲ್ಲ ಒಟ್ಟಿಗೆ ಏರುತ್ತವೆ. ಆದ್ದರಿಂದ ಉತ್ತರ ಬಂದಾಗ ಇನ್ನೊಂದು ಮಾತು ಕೇಳಿ: ಬಿಲ್ಲು ತಯಾರಾಗುವುದು ತಡವಾದರೆ ಆ ಹೊತ್ತನ್ನು ಯಾರ ಲೆಕ್ಕಕ್ಕೆ ಹಾಕುತ್ತೀರಿ? ವೈದ್ಯರು ಡಿಸ್ಚಾರ್ಜ್ ಆದೇಶ ಬರೆದ ಗಂಟೆಗೇ ಎಣಿಕೆ ನಿಲ್ಲಿಸುವ ಆಸ್ಪತ್ರೆಗಳೂ ಇವೆ, ರೋಗಿ ಕೊಠಡಿ ಬಿಡುವವರೆಗೂ ಎಣಿಸುವವೂ ಇವೆ.

ಕೊಠಡಿ ಮೇಲೇರಿದರೆ ಏನೇನು ಮೇಲೇರುತ್ತದೆ

ಕೌಂಟರಿನಲ್ಲಿ "ಇನ್ನು ಸ್ವಲ್ಪ ಕೊಟ್ಟರೆ ಒಬ್ಬರೇ ಇರುವ ರೂಮು ಸಿಗುತ್ತೆ" ಅಂದಾಗ ಮನೆಯವರು ನೋಡುವುದು ಎರಡು ಬಾಡಿಗೆಗಳ ವ್ಯತ್ಯಾಸವನ್ನು. ಆದರೆ ಅನೇಕ ಖಾಸಗಿ ಆಸ್ಪತ್ರೆಗಳ ದರಪಟ್ಟಿಯಲ್ಲಿ ಶಸ್ತ್ರವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕ, ಭೇಟಿ ಶುಲ್ಕ, ಕೆಲವೊಮ್ಮೆ ಪರೀಕ್ಷೆಗಳ ದರ ಕೂಡ ಕೊಠಡಿಯ ದರ್ಜೆಯ ಜೊತೆಗೇ ಬದಲಾಗುತ್ತವೆ. ಅರಿವಳಿಕೆ ತಜ್ಞರ ಮತ್ತು ಸಹಾಯಕ ಶಸ್ತ್ರವೈದ್ಯರ ಶುಲ್ಕವನ್ನು ಶಸ್ತ್ರವೈದ್ಯರ ಶುಲ್ಕದ ಇಂತಿಷ್ಟು ಪಾಲು ಎಂದು ಇಟ್ಟಿದ್ದರೆ ಅವೂ ಹಿಂದೆಯೇ ಏರುತ್ತವೆ. ಇಂಪ್ಲಾಂಟ್ ಮತ್ತು ಔಷಧದ ಬೆಲೆ ಸಾಮಾನ್ಯವಾಗಿ ಕೊಠಡಿಯನ್ನು ನೋಡುವುದಿಲ್ಲ.

ಲೆಕ್ಕಕ್ಕಾಗಿ ಇಡೀ ಬಿಲ್ಲು ಹತ್ತು ಪಾಲು ಅಂದುಕೊಳ್ಳಿ. ಬಾಡಿಗೆ ಒಂದು ಪಾಲು, ದರ್ಜೆಗೆ ಅಂಟಿಕೊಂಡ ಶುಲ್ಕಗಳು ಐದು, ಇಂಪ್ಲಾಂಟ್ ಮತ್ತು ಔಷಧ ನಾಲ್ಕು. ಮೇಲಿನ ದರ್ಜೆಯಲ್ಲಿ ದರ ಶೇಕಡಾ 20 ಹೆಚ್ಚು ಎಂದಾದರೆ ಬಾಡಿಗೆ 1.2, ಶುಲ್ಕಗಳು 6, ಉಳಿದದ್ದು 4, ಒಟ್ಟು 11.2. ಬಾಡಿಗೆಯಲ್ಲಿ 0.2 ಹೆಚ್ಚು ಎಂದುಕೊಂಡವರು ಕಟ್ಟುವುದು 1.2 ಹೆಚ್ಚು, ಅಂದರೆ ಅಂದಾಜಿಸಿದ್ದಕ್ಕಿಂತ ಆರು ಪಟ್ಟು.

ವಿಮೆಯಲ್ಲಿ ಬಾಡಿಗೆ ಮಿತಿಯಿದ್ದರೆ ಏಟು ಇನ್ನೊಂದು ಕಡೆಯಿಂದಲೂ ಬೀಳಬಹುದು. ಕೆಲವು ಪಾಲಿಸಿಗಳು ಮಿತಿ ಮೀರಿದ ಬಾಡಿಗೆಯನ್ನಷ್ಟೇ ಕಡಿತ ಮಾಡಿ ಸುಮ್ಮನಾಗುವುದಿಲ್ಲ, ದರ್ಜೆಗೆ ಅಂಟಿದ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತವೆ. ಪಾಲಿಸಿಯ ಮಿತಿ 100 ಇದ್ದು 125ರ ಕೊಠಡಿ ತೆಗೆದುಕೊಂಡರೆ ಆ ಶುಲ್ಕಗಳಲ್ಲಿ ಶೇಕಡಾ 80 ಮಾತ್ರ ಲೆಕ್ಕಕ್ಕೆ ಬರುತ್ತದೆ. ಪತ್ರದಲ್ಲಿ ಕೊಠಡಿಯ ದರ್ಜೆಯನ್ನು ಹೆಸರಿಟ್ಟು ಬರೆದದ್ದು ಇದಕ್ಕೇ. ಬಯಸಿದ ಕೊಠಡಿ ಅಂದು ಖಾಲಿಯಿಲ್ಲದೆ ಆಸ್ಪತ್ರೆಯೇ ಮೇಲಿನ ದರ್ಜೆಗೆ ಹಾಕಿದರೆ ಯಾವ ದರ ಅನ್ವಯ ಎಂಬುದನ್ನೂ ಕೇಳಿಡಿ.

ಮಂಡಿಯೊಳಗೆ ಏನು ಕೂರುತ್ತದೆ

ಈ ಬಿಲ್ಲಿನಲ್ಲಿ ದೊಡ್ಡ ಸಾಲು ಸಾಮಾನ್ಯವಾಗಿ ಇಂಪ್ಲಾಂಟಿನದು. ಉತ್ತರದಲ್ಲಿ "ಇಂಪ್ಲಾಂಟ್: ಇಷ್ಟು" ಎಂದಷ್ಟೇ ಇದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ಪೂರ್ಣ ಮಂಡಿ ಬದಲಿಯಲ್ಲಿ ತೊಡೆಮೂಳೆಯ ತುದಿಗೆ ಕೂರುವ ಲೋಹದ ಭಾಗ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಕೂರುವ ಲೋಹದ ತಟ್ಟೆ, ಇವೆರಡರ ನಡುವೆ ಪಾಲಿಥಿಲೀನ್ ಮೆತ್ತೆ, ಮತ್ತು ಮಂಡಿಚಿಪ್ಪಿನ ಹಿಂಬದಿಗೆ ಒಂದು ಗುಂಡಿಯಂಥ ತುಂಡು ಇರುತ್ತದೆ. ನಾಲ್ಕನೆಯದನ್ನು ಎಲ್ಲ ಶಸ್ತ್ರವೈದ್ಯರೂ ಹಾಕುವುದಿಲ್ಲ. ಅಂದಾಜಿನಲ್ಲಿ ನಾಲ್ಕು ಭಾಗಗಳ ದರ ಹಿಡಿದು, ಮೂರೇ ಬಳಸಿದ್ದರೆ ಬಿಲ್ಲಿನಲ್ಲಿ ಇಳಿಯಬೇಕು. ಸಿಮೆಂಟ್ ಬರುವುದು ಸಾಮಾನ್ಯವಾಗಿ 40 ಗ್ರಾಂ ಪೊಟ್ಟಣದಲ್ಲಿ, ಒಂದು ಅಥವಾ ಎರಡು ಬೇಕಾಗುತ್ತದೆ. ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿಗೆ ಬೆಲೆ ಹೆಚ್ಚು.

ಭಾಗದ ಅಳತೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಅಳತೆಯಿಂದ ಬೆಲೆ ಬದಲಾಗುವುದಿಲ್ಲ. ಬದಲಾಗುವುದು ಲೋಹ, ಮೆತ್ತೆಯ ದರ್ಜೆ ಮತ್ತು ಮಾದರಿಯಿಂದ. ಮೂಳೆ ನಿರೀಕ್ಷೆಗಿಂತ ಹೆಚ್ಚು ಸವೆದಿದ್ದರೆ ಆಸರೆಗೆ ಉದ್ದನೆಯ ಕಾಂಡ ಅಥವಾ ತುಂಬುವ ತುಂಡು ಬೇಕಾಗಬಹುದು. ಇದು ನ್ಯಾಯವಾದ ಹೆಚ್ಚುವರಿ ವೆಚ್ಚ, ಎಕ್ಸ್-ರೇ ನೋಡಿ ವೈದ್ಯರು ಸಾಧ್ಯತೆಯನ್ನು ಬಹುಮಟ್ಟಿಗೆ ಮೊದಲೇ ಹೇಳಬಲ್ಲರು. "ಬೇಕಾದರೆ ಮಾತ್ರ" ಎಂಬ ಪ್ರತ್ಯೇಕ ಸಾಲಿನಲ್ಲಿ ಅದರ ದರವನ್ನು ಹಾಕಿಸಿಕೊಳ್ಳಿ.

ಪ್ರತಿ ಭಾಗದ ಪೆಟ್ಟಿಗೆಯಲ್ಲೂ ಮಾದರಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅಳತೆ ಅಚ್ಚಾದ ಸ್ಟಿಕ್ಕರ್‌ಗಳಿರುತ್ತವೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅವನ್ನು ರೋಗಿಯ ಕಡತಕ್ಕೆ ಅಂಟಿಸುತ್ತಾರೆ. ಅಂದಾಜಿನಲ್ಲಿ ಬರೆದ ಮಾದರಿಯೇ ಒಳಗೆ ಹೋಗಿದೆಯೇ ಎಂದು ನೋಡಲು ಇರುವ ನಂಬಿಕಸ್ಥ ಸಾಕ್ಷಿ ಆ ಪುಟ. ಅದರ ಪ್ರತಿ ಕೇಳಿ ಪಡೆಯಿರಿ. ಹತ್ತು ಹದಿನೈದು ವರ್ಷದ ಮೇಲೆ ಅದೇ ಮಂಡಿಗೆ ಮತ್ತೆ ಕೈಹಾಕಬೇಕಾಗಿ ಬಂದಾಗ ಮುಂದಿನ ಶಸ್ತ್ರವೈದ್ಯರು ಮೊದಲು ಕೇಳುವುದೂ ಅದನ್ನೇ.

ಖಾಲಿ ಪಟ್ಟಿಯಲ್ಲಿ ಎಣಿಕೆ ನಾವೇ ತುಂಬುವುದು

ಲಗತ್ತಿಸುವ ಪಟ್ಟಿಗೆ ನಾಲ್ಕು ಕಾಲಂ ಸಾಕು: ಬಾಬತ್ತು, ಎಣಿಕೆ, ದರ, ಮೊತ್ತ. ವೈದ್ಯರ ಚೀಟಿಯಿಂದ ಗೊತ್ತಾದ ಎಣಿಕೆಯನ್ನು ನಾವೇ ಬರೆದಿಟ್ಟು, ದರದ ಕಾಲಂ ಖಾಲಿ ಬಿಟ್ಟರೆ ಸಿಬ್ಬಂದಿಯ ಕೆಲಸ ಅರ್ಧ ಮುಗಿದಂತೆ. ಉದಾಹರಣೆಗೆ ಕೆಲವು ಸಾಲುಗಳು ಹೀಗಿರುತ್ತವೆ:

| ಬಾಬತ್ತು | ಎಣಿಕೆ | ದರ | ಮೊತ್ತ |
|---|---|---|---|
| ಹಂಚಿಕೆ ಕೊಠಡಿ | 4 ದಿನ | | |
| ಆಪರೇಷನ್ ಥಿಯೇಟರ್ | 1 ಸಲ, ಅಥವಾ ಗಂಟೆಗೆ | | |
| ಫಿಸಿಯೋಥೆರಪಿ | ದಿನಕ್ಕೆ 2 ಸಲದಂತೆ 3 ದಿನ, 6 | | |
| ಸಕ್ಕರೆ ತಜ್ಞರ ಭೇಟಿ | ದಿನಕ್ಕೆ 1 ಸಲದಂತೆ 4 | | |
| ಬೆರಳ ತುದಿಯ ಸಕ್ಕರೆ ಪರೀಕ್ಷೆ | ದಿನಕ್ಕೆ 4 ಸಲದಂತೆ 16 | | |
| ರಕ್ತ ಕಾದಿರಿಸುವುದು | 1 ಯೂನಿಟ್ | | |
| ನಡೆಯಲು ವಾಕರ್ | 1 | | |

ಸಕ್ಕರೆ ತಜ್ಞರ ಸಾಲು ನೋಡಿ. ಪ್ಯಾಕೇಜಿನಲ್ಲಿ ಶಸ್ತ್ರವೈದ್ಯರ ಭೇಟಿಗಳು ಸೇರಿರುವುದೇ ಹೆಚ್ಚು, ಆದರೆ ಬೇರೆ ವಿಭಾಗದ ವೈದ್ಯರ ಭೇಟಿ ಸಾಮಾನ್ಯವಾಗಿ ಹೊರಗೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯಿರುವ ರೋಗಿಗೆ ಆ ಭೇಟಿ ಬೇಕೇ ಬೇಕು ಎಂದು ಮೊದಲೇ ಗೊತ್ತಿದ್ದರೂ ಕೌಂಟರಿನ ಅಂದಾಜಿನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಆ ಅಂದಾಜು ಬೇರೆ ಯಾವ ಕಾಯಿಲೆಯೂ ಇಲ್ಲದ ರೋಗಿಯದು. ಪತ್ರದಲ್ಲಿ ಕಾಯಿಲೆಗಳನ್ನು ಬರೆದದ್ದು ಈ ಸಾಲುಗಳು ಹೊರಗೆ ಬರಲಿ ಎಂದೇ.

ಥಿಯೇಟರನ್ನು ಗಂಟೆಗೆ ಲೆಕ್ಕ ಹಾಕುವುದಾದರೆ ಗಡಿಯಾರ ಯಾವಾಗ ಶುರು ಎಂದು ಕೇಳಿ. ಚರ್ಮ ಕೊಯ್ದು ಹೊಲಿಯುವವರೆಗೆ ಒಂದರಿಂದ ಎರಡು ಗಂಟೆಯಾದರೆ, ರೋಗಿಯನ್ನು ಒಳಗೆ ತಂದು ಬೆನ್ನಿಗೆ ಅರಿವಳಿಕೆ ಕೊಟ್ಟು ಹೊರಗೆ ಕಳಿಸುವವರೆಗಿನ ಹೊತ್ತು ಅದಕ್ಕಿಂತ ಸಾಕಷ್ಟು ಹೆಚ್ಚು.

ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತ ಪರೀಕ್ಷೆ, ಇಸಿಜಿ, ಎಕ್ಸ್-ರೇಗಳನ್ನು ಹೊರರೋಗಿಯಾಗಿಯೇ ಮಾಡಿಸಿ ಹಣ ಕಟ್ಟಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಪ್ಯಾಕೇಜಿನಲ್ಲಿ ಅವು ಸೇರಿದ್ದರೆ ಎರಡು ಸಲ ಕಟ್ಟಿದಂತಾಗುತ್ತದೆ. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಮುಂದುವರಿಸುವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸಾಮಾನ್ಯವಾಗಿ ಕನಿಷ್ಠ ಹತ್ತು ದಿನದ್ದು. ಅದು ಅಂದಾಜಿನಲ್ಲಿ ಇರುವುದು ಅಪರೂಪ.

ಉತ್ತರ ಬಂದ ಮೇಲೆ

ಮೊದಲು ಒಟ್ಟು ಅಂಕಿಯನ್ನು ಬಿಟ್ಟು "ವಾಸ್ತವ ಬಳಕೆಯಂತೆ" ಎಂದಿರುವ ಸಾಲುಗಳಿಗೆ ಗೆರೆ ಎಳೆಯಿರಿ. ಕೌಂಟರಿನ ಭಾಷೆಯಲ್ಲಿ ಇದು "ಆ್ಯಕ್ಚುಯಲ್ಸ್". ಸಾಮಾನ್ಯವಾಗಿ ಔಷಧ, ಥಿಯೇಟರಿನ ಬಳಸಿ ಬಿಸಾಡುವ ಸಾಮಗ್ರಿ, ಲ್ಯಾಬ್ ಪರೀಕ್ಷೆ ಇವು ಮೂರೂ ಹೀಗಿರುತ್ತವೆ. ಒಂದು ಅಂದಾಜು ಇನ್ನೊಂದಕ್ಕಿಂತ ಕಡಿಮೆ ಕಂಡರೆ ಕಾರಣ ಹೆಚ್ಚಾಗಿ ಇದೇ: ಒಬ್ಬರು ಸಾಮಗ್ರಿಯನ್ನು ಮೊತ್ತದಲ್ಲಿ ಸೇರಿಸಿದ್ದಾರೆ, ಇನ್ನೊಬ್ಬರು ಆ್ಯಕ್ಚುಯಲ್ಸ್ ಅಂದು ಹೊರಗಿಟ್ಟಿದ್ದಾರೆ. ಎರಡು ಆಸ್ಪತ್ರೆಗಳನ್ನು ಹೋಲಿಸುವಾಗ ಹೊರಗಿಟ್ಟದ್ದಕ್ಕೂ ಗರಿಷ್ಠ ಮೊತ್ತವನ್ನು ತುಂಬಿಸಿ ಕೂಡಿಸದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಕನಿಷ್ಠ, ಗರಿಷ್ಠ ಕೊಡಲು ಅವರು ಒಪ್ಪದಿದ್ದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಕಳೆದ ಐದಾರು ಇಂಥ ಬಿಲ್ಲುಗಳಲ್ಲಿ ಔಷಧದ ಸಾಲು ಸುಮಾರು ಎಷ್ಟಿತ್ತು? ಹೆಸರು ಬೇಕಿಲ್ಲ, ಮೊತ್ತ ಸಾಕು. ಭವಿಷ್ಯ ಹೇಳಲು ಹಿಂಜರಿಯುವ ಗುಮಾಸ್ತರು ಹಿಂದಿನದನ್ನು ಹೇಳಲು ಅಷ್ಟು ಹಿಂಜರಿಯುವುದಿಲ್ಲ.

ಉತ್ತರ ಬಾಯಿಮಾತಿನಲ್ಲೇ ಬಂದರೆ ಅದೇ ದಿನ ಎರಡು ಸಾಲು ಬರೆದು ಕಳಿಸಿ: "ಇಂದು ದೂರವಾಣಿಯಲ್ಲಿ ತಾವು ತಿಳಿಸಿದಂತೆ ಪ್ಯಾಕೇಜ್ ನಾಲ್ಕು ದಿನಕ್ಕೆ, ಇಂಪ್ಲಾಂಟ್ ಹೊರತಾಗಿ. ವ್ಯತ್ಯಾಸವಿದ್ದರೆ ದಯವಿಟ್ಟು ತಿಳಿಸಿ." ಲಿಖಿತ ಉತ್ತರ ಬಾರದಿದ್ದರೂ ಹೇಳಿದ ಮಾತಿಗೆ ಒಂದು ದಿನಾಂಕ ಬಿದ್ದಿರುತ್ತದೆ.

ದಾಖಲಾದ ಮೇಲೆ ಈ ಪಟ್ಟಿ ಹಾಸಿಗೆಯ ಪಕ್ಕದಲ್ಲಿರಲಿ. ಪ್ರತಿ ಸಂಜೆ ಚಾಲ್ತಿ ಬಿಲ್ಲಿನ ಪ್ರತಿ ಕೇಳಿದರೆ ಬಹುತೇಕ ಕಡೆ ಕೊಡುತ್ತಾರೆ. ಫಿಸಿಯೋಥೆರಪಿ ಎರಡು ಸಲ ಬಂದರೇ, ಸಕ್ಕರೆ ತಜ್ಞರು ಇಂದು ಬಂದರೇ ಎಂಬುದು ಅಂದೇ ನೆನಪಿರುತ್ತದೆ, ಐದನೇ ದಿನ ಇರುವುದಿಲ್ಲ. ಡಿಸ್ಚಾರ್ಜ್ ಹಿಂದಿನ ರಾತ್ರಿ ವಾರ್ಡಿನಲ್ಲಿ ಉಳಿದ ಸೀಲು ಒಡೆಯದ ಔಷಧವನ್ನು ಔಷಧಾಲಯಕ್ಕೆ ಮರಳಿಸಿದ್ದಾರೆಯೇ ಎಂದು ದಾದಿಯರನ್ನು ಕೇಳಿ. ಮರಳಿಸಿದ ರಸೀದಿ ಬಿಲ್ಲಿಗೆ ಏರದೆ ಉಳಿಯುವುದು ಸಾಮಾನ್ಯ, ಮತ್ತು ಬಿಲ್ಲು ಮುಚ್ಚಿದ ಮೇಲೆ ಅದನ್ನು ಸರಿಪಡಿಸಲು ಮತ್ತೊಂದು ಪತ್ರವೇ ಬೇಕಾಗುತ್ತದೆ.